ಗುಟ್ಟಿನ ಚಕ್ಕುಲಿ

ಕಾಫಿ ಕುಡಿಯುತ್ತಾ ಫೋನ್ ತೆಗೆದರೆ ತಂಗಿಯ ಮಗಳ ವಾಟ್ಸಾಪ್ ಸ್ಟೇಟಸ್. ಒಂದು ಮಬ್ಬು ಚಿತ್ರ, ಕೆಳಗೆ ‘ಏನೋ ಬರ್ತಾ ಇದೆ... ಊಹಿಸಿ!’ ಮಳೆಗಾಲದ ಶಿರಸಿಯಲ್ಲಿ ಬರುವುದು ಮಳೆ, ಹೋಗುವುದು ಕರೆಂಟು. ಇದರಲ್ಲಿ ಊಹಿಸುವುದೇನಿದೆ?

ಗುಟ್ಟು ನನಗೆ ಗೊತ್ತಿತ್ತು ಅನ್ನಿ. ಚೌತಿಗೆ ಅವಳು ನವಣೆ ಚಕ್ಕುಲಿ, ಸಾಮೆ ಕೋಡುಬಳೆ, ರಾಗಿ ಶಂಕರಪೋಳಿ ಮಾರಾಟಕ್ಕಿಡುವವಳಿದ್ದಳು. ಅದಕ್ಕೆ ಮೊದಲು ಜನರ ಕುತೂಹಲ ಕೆರಳಿಸಬೇಕಂತೆ, ದಿನಕ್ಕೊಂದು ಪೋಸ್ಟ್. ಎರಡನೆಯ ದಿನ ಹಳದಿ ಕಾಳುಗಳನ್ನು ಹತ್ತಿರದಿಂದ ತೆಗೆದ ಫೋಟೋ. ಮೂರನೆಯ ದಿನ ಕಪ್ಪು ಪರದೆ, ಕರುಂ ಕುರುಂ ಸದ್ದು ಮಾತ್ರ.

ಉತ್ತರಗಳು ಬಂದವು. ಮಬ್ಬು ಚಿತ್ರಕ್ಕೆ ‘ಹೋಂಸ್ಟೇ ಶುರು ಮಾಡ್ತೀಯಾ?’, ‘ಮದುವೆ ನಿಶ್ಚಯ ಆಯ್ತಾ?’ ಹಳದಿ ಕಾಳಿಗೆ ‘ಸಾಸಿವೆ’. ಸದ್ದಿಗೆ ಪಕ್ಕದ ಮನೆಯವರು ‘ನಿಮ್ಮ ಹಂಚು ಒಡೀತಾ?’ ಅಂತ ಫೋನೇ ಮಾಡಿದರು.

“ಸಸ್ಪೆನ್ಸ್ ಬೇಡ್ವಾ ಮಾವ?” ಅಂದಳು.

ಬೇಕು. ಆದರೆ ಎಲ್ಲವನ್ನೂ ಮುಚ್ಚಿಟ್ಟರೆ ಊಹಿಸಲು ಹಿಡಿತವೇ ಸಿಗುವುದಿಲ್ಲ. ತಿನ್ನುವ ವಸ್ತು ಅಂತ ಹೇಳಿಬಿಡು, ಚೌತಿಗೆ ಬರುತ್ತದೆ ಅಂತಲೂ ಹೇಳು, ಧಾನ್ಯ ಒಂದನ್ನು ಮಾತ್ರ ಬಚ್ಚಿಡು ಅಂದೆ. ಮರುದಿನ ಹಾಕಿದಳು: ‘ಚೌತಿಗೆ ಹೊಸ ಚಕ್ಕುಲಿ. ಅಕ್ಕಿ ಹಾಕಿಲ್ಲ. ಹಾಗಾದರೆ ಯಾವ ಹಿಟ್ಟು?’ ಈಗ ಬಂದ ಉತ್ತರಗಳ ಜಾತಿಯೇ ಬೇರೆ. ರಾಗಿಯಾ, ನವಣೆಯಾ, ಜೋಳವಾ? ಒಬ್ಬಾಕೆಯಂತೂ ‘ನವಣೆಯಾದರೆ ಸುತ್ತುವಾಗ ಮುರಿಯಲ್ವಾ?’ ಅಂತ ಕೇಳಿದಳು. ಹತ್ತು ಲೈಕಿಗಿಂತ ಇಂಥ ಒಂದು ಪ್ರಶ್ನೆ ಮೇಲು. ಮುಂದಿನ ಪೋಸ್ಟ್ ಏನು ಅಂತ ಅದೇ ಹೇಳಿಕೊಡುತ್ತದೆ. ಉದ್ದಿನ ಹಿಟ್ಟು ಸ್ವಲ್ಪ ಜಾಸ್ತಿ ಹಾಕಿ ಬಿಸಿನೀರಲ್ಲಿ ಕಲಸುವುದನ್ನು ಹುಡುಗಿ ವಿಡಿಯೋ ಮಾಡಿದಳು. ಹೆಸರು ಮಾತ್ರ ಹೇಳಲಿಲ್ಲ.

ಚಕ್ಕುಲಿ ಅಂದ ಮೇಲೆ ಕಂಬಳ ನೆನಪಾಗದೆ ಇರುತ್ತದಾ? ಕೋಣಗಳ ಕಂಬಳವಲ್ಲ, ಚಕ್ಕುಲಿ ಕಂಬಳ. ಚೌತಿ ಹತ್ತಿರ ಬಂತು ಅಂದರೆ ನಮ್ಮ ಕಡೆ ಅಕ್ಕಪಕ್ಕದವರೆಲ್ಲ ಒಂದು ಮನೆಯಲ್ಲಿ ಸೇರಿ ಕೈಯಲ್ಲೇ ಚಕ್ಕುಲಿ ಸುತ್ತುತ್ತಾರೆ. ಗಂಡಸರೂ ಕೂರುತ್ತಾರೆ, ಇಲ್ಲದ ಜಂಬವನ್ನೂ ತೋರಿಸುತ್ತಾರೆ. ನಮ್ಮ ದೊಡ್ಡಪ್ಪ ಹಿಟ್ಟನ್ನು ಹೆಬ್ಬೆರಳಿನಲ್ಲಿ ಹೊಸೆಯುತ್ತಾ ಒಂದರ ಹೊರಗೆ ಒಂದು ಸುತ್ತು ಬಿಡುತ್ತಾ ಹೋದರೆ ಮಗ್ಗುಲಲ್ಲಿದ್ದವರು ತಮ್ಮ ಚಕ್ಕುಲಿ ಬಿಟ್ಟು ಅದನ್ನೇ ನೋಡುತ್ತಿದ್ದರು. ಯಾರದ್ದೋ ಎಳೆ ಹರಿದರೆ, “ಉದ್ದು ಕಡಿಮೆ ಆಯ್ತು” ಅಂತ ಒಳಗಿದ್ದ ದೊಡ್ಡಮ್ಮನಿಗೆ ಕೇಳುವಂತೆ ಹೇಳುವುದು. ಅವರು ಅಲ್ಲಿಂದಲೇ, “ಕೈ ಸರಿ ಇಲ್ಲ ಅನ್ನಿ!” ಕರಿಯುವ ಮೊದಲೇ ಅರ್ಧ ದಿನ ಜಗಳದಲ್ಲಿ ಹೋಗುತ್ತಿತ್ತು. ಯಾರ ಮನೆಯಲ್ಲಿ ಯಾವತ್ತು ಅಂತ ಯಾರೂ ಸಾರುತ್ತಿರಲಿಲ್ಲ. ಉದ್ದು ಹುರಿದ ವಾಸನೆ ತೋಟ ದಾಟಿ ಬಂದರೆ ಸಾಕು, “ನಿಮ್ಮಲ್ಲಿ ನಾಳೆಯಾ?” ಅಂತ ಜನ ತಾವಾಗಿಯೇ ಬರುತ್ತಿದ್ದರು. ಆ ವಾಸನೆಯನ್ನು ಸ್ಟೇಟಸ್‌ಗೆ ಹಾಕಲಾಗುವುದಿಲ್ಲ. ಹಾಕಿದರೂ ಇಪ್ಪತ್ತನಾಲ್ಕು ಗಂಟೆಯಲ್ಲಿ ಅಳಿಸಿ ಹೋಗುತ್ತದೆ.

ಇರಲಿ. ನನಗೆ ಸಿಟ್ಟು ಬರುವುದು ಬೇರೆಯವರ ಮೇಲೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದದ್ದೇ ಆದದ್ದು, ಅಂಗಡಿ ತುಂಬ ‘ಸಿರಿಧಾನ್ಯ’ ಬಿಸ್ಕತ್ತು. ಪೊಟ್ಟಣದ ಹಿಂಭಾಗದಲ್ಲಿ ಸಾಮಗ್ರಿಗಳನ್ನು ತೂಕ ಹೆಚ್ಚಿರುವುದು ಮೊದಲು ಬರುವಂತೆ ಬರೆಯಬೇಕು, ಅದು ನಿಯಮ. ಓದಿ ನೋಡಿ. ಎಷ್ಟೋ ಕಡೆ ಮೊದಲು ಮೈದಾ, ಆಮೇಲೆ ಸಕ್ಕರೆ, ಎಣ್ಣೆ, ಎಲ್ಲೋ ಕೆಳಗೆ ಮುಜುಗರದಿಂದ ಕೂತ ರಾಗಿ. ಗುಟ್ಟು ಬೇರೆ, ಮೋಸ ಬೇರೆ. ‘ಸಕ್ಕರೆ ಕಾಯಿಲೆ ಗುಣವಾಗುತ್ತದೆ’ ಅಂತ ಬರೆಯೋಣ ಅಂದ ನಮ್ಮ ಹುಡುಗಿಯ ಗೆಳತಿಯನ್ನು ನಾನು ಬೈದೇ ಕಳಿಸಿದೆ. ತಿಂಡಿಗೆ ಹಾಗೆ ಹೇಳಿ ಜಾಹೀರಾತು ಮಾಡುವಂತಿಲ್ಲ.

ಇನ್ನೊಂದು ಜಗಳ ಉಳಿದಿತ್ತು, ತಾರೀಖಿನದ್ದು. ‘ಇನ್ನು ಇಷ್ಟೇ ದಿನ’ ಅಂತ ಹಾಕುವವಳಿದ್ದಳು. ಮೊದಲು ಪೊಟ್ಟಣ ಒಡೆದು ನೋಡು ಅಂದೆ. ವಾರದ ಹಿಂದೆ ಸೀಲ್ ಮಾಡಿ ಅಡುಗೆಮನೆ ಕಪಾಟಿನಲ್ಲಿಟ್ಟಿದ್ದ ನಾಲ್ಕರಲ್ಲಿ ಎರಡು ಚಕ್ಕುಲಿ ಪೊಟ್ಟಣ ಮೆತ್ತಗಾಗಿತ್ತು. ಹಿಟ್ಟಿನದ್ದಲ್ಲ ತಪ್ಪು, ಸೀಲಿನ ಮೂಲೆಯಲ್ಲಿ ಹಿಟ್ಟಿನ ಪುಡಿ ಸಿಕ್ಕಿ ಪ್ಲಾಸ್ಟಿಕ್ ಪೂರ್ತಿ ಅಂಟಿರಲಿಲ್ಲ. ಅದನ್ನು ಒರೆಸಿ ಸೀಲ್ ಮಾಡಲು ಶುರು ಮಾಡಿದ ಮೇಲೆ, ಮತ್ತೊಂದು ವಾರ ಕಾದು, ಗರಿಗರಿ ಉಳಿದದ್ದು ಖಾತ್ರಿಯಾದ ಮೇಲೆಯೇ ದಿನ ಎಣಿಸಲು ಬಿಟ್ಟೆ. ದಿನ ಎಣಿಸಲು ಶುರುವಾದ ಮೇಲೆ ಹಿಂದಕ್ಕೆ ಹೋಗಲಾಗುವುದಿಲ್ಲ. ಕರೆದು ಕೂರಿಸಿದ ಜನ ಎದ್ದು ಹೋಗುತ್ತಾರೆ.

ಬಿಡುಗಡೆ ಸುದ್ದಿಯನ್ನು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಕಳಿಸಿದಳು. ಅವಳ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹಾಗಾಗಿ ಊಹಿಸಿದವರಿಗೆಲ್ಲ ಮೊದಲೇ ‘ನನ್ನ ನಂಬರ್ ಇಟ್ಟುಕೊಳ್ಳಿ’ ಅಂತ ಕೇಳಿಕೊಂಡಿದ್ದಳು. ಬುದ್ಧಿವಂತೆ. ಆದರೆ ಇಷ್ಟು ದಿನದ ಗುಟ್ಟಿನಲ್ಲಿ ಒಂದು ಸಂಗತಿ ಅವಳಿಗೂ ಹೊಳೆದಿರಲಿಲ್ಲ. ಮೊದಲು ಬಂದ ಉತ್ತರ ಕುಮಟಾದ ನಮ್ಮ ಅತ್ತೆಯದ್ದು: “ಎಲ್ಲ ಸರಿ, ಕಾಲು ಕೆ.ಜಿ.ಗೆ ಎಷ್ಟು ಮಾರಾಯ್ತಿ?”