ಬಸವಣ್ಣನ ಜಿಡ್ಡು

ಧಾರವಾಡ, ಗದಗ ಕಡೆಯ ಓಣಿಗಳಲ್ಲಿರುವ ಸಣ್ಣ ಗುಡಿಗಳ ಬಸವಣ್ಣನನ್ನು ಕರಿಕಲ್ಲಿನವನೆಂದೇ ನಾವು ನಂಬಿರುತ್ತೇವೆ. ಆ ಕಪ್ಪಿನಲ್ಲಿ ಕಲ್ಲಿನ ಪಾಲೆಷ್ಟು, ಎಣ್ಣೆಯ ಪಾಲೆಷ್ಟು ಎಂಬುದು ತೊಳೆಯಲು ಕೂತವರಿಗಷ್ಟೇ ತಿಳಿಯುತ್ತದೆ. ಲಕ್ಕುಂಡಿಯ ಗುಡಿಗಳಲ್ಲಿ ಕಾಣುವಂಥ ಬಳಪದ ಕಲ್ಲು ಒಣಗಿರುವಾಗ ಹಸಿರು ಮಿಶ್ರಿತ ಬೂದು ಬಣ್ಣದ್ದು; ಎಣ್ಣೆ ಕುಡಿದ ಮೇಲೆಯೇ ಅದು ಕಪ್ಪಾಗಿ ಹೊಳೆಯುವುದು. ಆದ್ದರಿಂದ ವಿಗ್ರಹವನ್ನು ತೊಳೆಯಲು ಹೊರಡುವವರು ಮೊದಲು ತೀರ್ಮಾನಿಸಬೇಕಾದದ್ದು ಎಲ್ಲಿ ನಿಲ್ಲಬೇಕೆಂಬುದನ್ನು.

ನಮ್ಮ ಓಣಿಯ ಬಸವಣ್ಣನ ಹಣೆಯ ಮೇಲೆ ಕುಂಕುಮ, ಗಂಧ, ದೀಪದ ಮಸಿ ಎಲ್ಲವೂ ಎಣ್ಣೆಯಲ್ಲಿ ಕಲಸಿಕೊಂಡು, ಬೆರಳಿನಷ್ಟು ದಪ್ಪದ ಪದರವಾಗಿ, ಕಣ್ಣುಗಳನ್ನೇ ಮುಚ್ಚಿದ್ದವು. ಇದಕ್ಕೆ ನಮ್ಮ ಕಡೆಯ ಕುಸುಬಿ ಎಣ್ಣೆಯೂ ಒಂದು ಕಾರಣ. ಕುಸುಬಿ ಎಣ್ಣೆ ಗಾಳಿಗೆ ತೆರೆದಿಟ್ಟರೆ ಆವಿಯಾಗಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಕೂಡಿ ಮೊದಲು ಜಿಗುಟಾಗುತ್ತದೆ, ಆಮೇಲೆ ವಾರ್ನಿಷಿನಂತೆ ಗಟ್ಟಿಯಾಗುತ್ತದೆ. ಎಣ್ಣೆ ಡಬ್ಬಿಯ ಮುಚ್ಚಳವನ್ನು ಬಹಳ ದಿನ ತೊಳೆಯದೆ ಬಿಟ್ಟ ಮನೆಯವರಿಗೆ ಈ ಜಿಗುಟಿನ ಪರಿಚಯ ಚೆನ್ನಾಗಿಯೇ ಇರುತ್ತದೆ. ಕೊಬ್ಬರಿ ಎಣ್ಣೆ ಹೀಗೆ ಗಟ್ಟಿಯಾಗುವುದಿಲ್ಲ, ಹಾಗಾಗಿ ಅದರ ಜಿಡ್ಡನ್ನು ತೆಗೆಯುವುದು ಸುಲಭ.

ಓಣಿಯ ಹಿರಿಯರೊಬ್ಬರು ಕುದಿಯುವ ನೀರು ಸುರಿಯೋಣವೆಂದರು. ಅರ್ಚಕರು ಪೀಠವನ್ನು ತೋರಿಸಿ, “ಬ್ಯಾಡ್ರೀ ಕಾಕಾ, ಕೆಳಗ ಅಷ್ಟಬಂಧ ಐತಿ” ಎಂದು ತಡೆದರು. ಅವರ ಮಾತು ಸರಿಯಾಗಿತ್ತು. ವಿಗ್ರಹವನ್ನು ಪೀಠಕ್ಕೆ ಅಂಟಿಸಲು ಅರಗು, ಮೇಣಗಳನ್ನು ಸೇರಿಸಿ ಮಾಡುವ ಅಷ್ಟಬಂಧ ಬಿಸಿಗೆ ಮೆತ್ತಗಾಗುತ್ತದೆ. ಬ್ಲೇಡು, ಚಾಕು, ತಂತಿಯ ಬ್ರಷ್ಷುಗಳೂ ಬೇಡ, ಏಕೆಂದರೆ ಬಳಪದ ಕಲ್ಲು ಕಬ್ಬಿಣಕ್ಕಿಂತ ಬಹಳ ಮೆದು. ಕೊನೆಗೆ ಬಿದಿರಿನ ಚೂಪಿಲ್ಲದ ಸೀಳು, ಮೆತ್ತನೆಯ ಬ್ರಷ್ಷು, ಹತ್ತಿ ಮತ್ತು ಉಗುರುಬೆಚ್ಚಗಿನ ನೀರು ಇಷ್ಟನ್ನೇ ಗುಡಿಯೊಳಗೆ ತಂದೆವು.

ಮೇಲಿನ ಸಡಿಲ ಪದರವನ್ನು ಒಣಗಿದ್ದಾಗಲೇ ಬಿದಿರಿನಿಂದ ಎಬ್ಬಿಸಿ ತೆಗೆದೆವು. ನೀರು ಮೊದಲು ಹಾಕಿದ್ದರೆ ಕುಂಕುಮದ ಬಣ್ಣ ಮೈತುಂಬ ಹರಿಯುತ್ತಿತ್ತು. ಜಿಗುಟಿದ್ದಲ್ಲಿ ಕಡಲೆ ಹಿಟ್ಟನ್ನು ಉದುರಿಸಿ, ಅದು ಎಣ್ಣೆ ಹೀರುವವರೆಗೆ ಬಿಟ್ಟು, ಬ್ರಷ್ಷಿನಿಂದ ಝಾಡಿಸಿದೆವು. ಆಮೇಲೆ ನೆನೆಸಿದ ಅಂಟುವಾಳದ ನೀರನ್ನು ಹತ್ತಿಗೆ ತಾಗಿಸಿ, ಅಂಗೈಯಷ್ಟು ಜಾಗವನ್ನು ಒರೆಸಿ, ಕೂಡಲೇ ಬರಿಯ ನೀರಿನಿಂದ ಮತ್ತೆ ಒರೆಸಿ, ಅದು ಮುಗಿದ ಮೇಲೆ ಪಕ್ಕದ ಜಾಗಕ್ಕೆ ಹೋದೆವು. ಬಟ್ಟೆ ಸೋಡಾ ಬಳಸಿದ್ದರೆ ಇನ್ನೊಂದು ಗಾಬರಿ ಕಾದಿರುತ್ತಿತ್ತು, ಏಕೆಂದರೆ ಕ್ಷಾರ ತಾಗಿದ ಅರಿಶಿನ ಕೆಂಪಾಗುತ್ತದೆ. ಸೀರೆಯ ಅರಿಶಿನದ ಕಲೆಯನ್ನು ಸಾಬೂನಿನಿಂದ ತಿಕ್ಕಿದವರು ಇದನ್ನು ಕಂಡಿರುತ್ತಾರೆ.

ಕಣ್ಣಿನ ಗೆರೆಯೊಳಗೆ ಗಟ್ಟಿಯಾಗಿ ಕೂತದ್ದು ಇಷ್ಟಕ್ಕೆ ಜಗ್ಗಲಿಲ್ಲ. ಮುಲ್ತಾನಿ ಮಿಟ್ಟಿಯನ್ನು ಅಂಟುವಾಳದ ನೀರಿನಲ್ಲಿ ದಪ್ಪಗೆ ಕಲಸಿ, ಸುಮಾರು 1 ಸೆಂಟಿಮೀಟರ್ ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಂದು ರಾತ್ರಿ ಬಿಟ್ಟೆವು. ಮರುದಿನ ಹಾಳೆ ತೆಗೆದು ಮಣ್ಣನ್ನು ತಾನಾಗಿ ಒಣಗಲು ಬಿಡಬೇಕು, ಏಕೆಂದರೆ ಹಾಳೆಯ ಕೆಳಗೆ ಜಿಡ್ಡು ಮೆತ್ತಗಾಗುತ್ತದೆಯಾದರೂ ಅದನ್ನು ಮಣ್ಣು ತನ್ನೊಳಗೆ ಎಳೆದುಕೊಳ್ಳುವುದು ಒಣಗುವಾಗಲೇ. ಪೂರ್ತಿ ವಾರ್ನಿಷಾದ ಎಣ್ಣೆ ಇದಕ್ಕೂ ಜಗ್ಗದೆ ಒಂದಿಷ್ಟು ಉಳಿಯುತ್ತದೆ. ಅದು ಅಲ್ಲಿಯೇ ಇರಲಿ ಎಂಬುದು ನನ್ನ ಅಭಿಪ್ರಾಯ.

ನಿಲ್ಲಬೇಕಾದ ಗಳಿಗೆಯನ್ನು ಹತ್ತಿಯೇ ಹೇಳುತ್ತದೆ. ಹತ್ತಿ ಕೆಂಪಾದರೆ ಕುಂಕುಮ, ಕಪ್ಪಾದರೆ ಮಸಿ. ಅದಕ್ಕೆ ಹಸಿರು-ಬೂದು ಪುಡಿ ಅಂಟಿತೆಂದರೆ ಕೈ ತೆಗೆಯಬೇಕು, ಬರುತ್ತಿರುವುದು ಬಸವಣ್ಣನೇ.

ಅಮೃತಶಿಲೆಯ ವಿಗ್ರಹಕ್ಕೆ ಈ ಕ್ರಮವನ್ನು ಹಾಗೆಯೇ ಅನ್ವಯಿಸಲಾಗದು. ಹಿತ್ತಾಳೆಯ ಸಾಮಾನನ್ನು ಹುಣಸೆಹಣ್ಣಿನಿಂದ ತಿಕ್ಕುವ ರೂಢಿಯಲ್ಲಿ ಕೆಲವರು ಅಮೃತಶಿಲೆಯ ರಾಮನನ್ನೂ ತಿಕ್ಕಿಬಿಡುತ್ತಾರೆ. ಹುಣಸೆ, ನಿಂಬೆ, ಕೊನೆಗೆ ಅಭಿಷೇಕದ ಮೊಸರು ಕೂಡ ಹುಳಿಯೇ. ಹುಳಿಗೆ ಆ ಕಲ್ಲು ಕರಗಿ, ಹೊಳಪು ಹೋಗಿ, ಮಂಕು ಮಚ್ಚೆಗಳು ಉಳಿಯುತ್ತವೆ, ಅವನ್ನು ತೊಳೆದು ತೆಗೆಯಲಾಗದು. ಅಂಟುವಾಳದ ನೀರಿಗೂ ತುಸು ಹುಳಿಯ ಗುಣವಿರುವುದರಿಂದ ಅಲ್ಲಿ ಬರಿಯ ನೀರು, ಹೆಚ್ಚೆಂದರೆ ಕ್ಷಾರವೂ ಹುಳಿಯೂ ಇಲ್ಲದ ದ್ರವ ಸಾಬೂನಿನ ನಾಲ್ಕು ಹನಿ ಸಾಕು. ಕಣ್ಣು, ಅಂಚುಗಳಿಗೆ ಬಣ್ಣ ಬಳಿದಿದ್ದರೆ ಅದನ್ನು ಮುಟ್ಟದಿರುವುದೇ ಲೇಸು.

ನಮ್ಮ ಬಸವಣ್ಣ ಒಣಗಿದಾಗ ಬೂದು ಬಣ್ಣಕ್ಕೆ ತಿರುಗಿದ್ದನ್ನು ಕಂಡು ಪೂಜೆಗೆ ಬಂದ ಅಜ್ಜಿಯೊಬ್ಬರು, “ಇವ ನಮ್ಮ ಬಸಣ್ಣ ಅಲ್ಲೋ ಯಪ್ಪಾ” ಎಂದು ಹೊಸಲಿನಲ್ಲೇ ನಿಂತುಬಿಟ್ಟರು. ಅರ್ಚಕರು ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ತಾಗಿಸಿ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒಣಬಟ್ಟೆಯಿಂದ ಒರೆಸಿ ತೆಗೆದ ಮೇಲೆ ಕಲ್ಲು ಮತ್ತೆ ಕಪ್ಪಾಯಿತು, ಅಜ್ಜಿಯೂ ಒಳಗೆ ಬಂದರು. ಇನ್ನು ಮುಂದೆ ಕುಂಕುಮವನ್ನು ಪಾದದ ಬಳಿಯ ತಾಮ್ರದ ತಟ್ಟೆಗೆ ಹಾಕಬೇಕೆಂದು ಅರ್ಚಕರು ಎಲ್ಲರಿಗೂ ಹೇಳಿದರು. ಅಜ್ಜಿ ತಟ್ಟೆಗೂ ಹಾಕಿದರು, ಹಣೆಗೂ ಹಚ್ಚಿದರು.