ರಿಪೋರ್ಟು ನನ್ನದು, ಪ್ರಶ್ನೆ ಅವಳಿಗೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಬಾಡಿಗೆ ಮನೆ. ಮೊನ್ನೆ ಓನರ್ ಅಕ್ಕನ ಮೊಮ್ಮಗಳ ನಾಮಕರಣ ಇತ್ತು. ನಾಮಕರಣ ಅಂದರೆ ನನ್ನ ಹೆಂಡತಿಗೆ ಹಿಂದಿನ ರಾತ್ರಿಯೇ ತಲೆನೋವು ಶುರುವಾಗುತ್ತದೆ. ಆದರೂ ಹೋದೆವು. ಅಕ್ಕ ಅವಳನ್ನು ನೋಡಿದ್ದೇ, "ಬನ್ನಿ ಬನ್ನಿ, ಇವಳನ್ನು ಒಮ್ಮೆ ಹಿಡ್ಕೊಳ್ಳಿ, ನನಗೆ ಪಾಯಸ ನೋಡ್ಲಿಕ್ಕುಂಟು" ಅಂತ ಮಗುವನ್ನು ಅವಳ ಕೈಗೆ ಕೊಟ್ಟು ಅಡುಗೆಮನೆಗೆ ಹೋದರು. ಊಟ ಮುಗಿಯುವ ತನಕ ನಮ್ಮನ್ನು ಯಾರೂ ಏನೂ ಕೇಳಲಿಲ್ಲ.

ನಮ್ಮದು ಹಾಸನದ ಕಡೆ. ಅಲ್ಲಾಗಿದ್ದರೆ ಚಪ್ಪಲಿ ಬಿಡುವಷ್ಟರಲ್ಲೇ "ಏನಮ್ಮಾ, ಏನಾದ್ರೂ ವಿಶೇಷ?" ಅಂತ ಬರುತ್ತಿತ್ತು. ಕಣ್ಣು ಮೊದಲು ಹೊಟ್ಟೆಯ ಮೇಲೆ, ಆಮೇಲೆ ಮುಖದ ಮೇಲೆ. ಆ ಪ್ರಶ್ನೆ ಇವತ್ತಿನವರೆಗೆ ನನಗೆ ಬಂದಿಲ್ಲ, ಅವಳಿಗೇ ಬರುವುದು. ಆದರೆ ತೊಂದರೆ ಇರುವುದು ನನ್ನ ರಿಪೋರ್ಟಿನಲ್ಲಿ.

ಒಂದು ವರ್ಷ ಕಾದೂ ಬಸಿರಾಗದಿದ್ದರೆ ಇಬ್ಬರೂ ಪರೀಕ್ಷೆ ಮಾಡಿಸಬೇಕು ಅನ್ನುತ್ತಾರೆ. ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳಿಗೇ. ಇದರಲ್ಲಿ ವೀರ್ಯ ಪರೀಕ್ಷೆಯಷ್ಟು ಸುಲಭದ್ದು, ಕಡಿಮೆ ಖರ್ಚಿನದ್ದು ಇನ್ನೊಂದಿಲ್ಲ. ಎರಡರಿಂದ ಏಳು ದಿನ ಸಂಯಮ, ಒಂದು ಡಬ್ಬಿ, ಅಷ್ಟೇ. ಆದರೂ ನಮ್ಮ ಮನೆಯವರ ಒತ್ತಾಯಕ್ಕೆ ಅವಳಿಗೆ ಸ್ಕ್ಯಾನು, ರಕ್ತ, ಗರ್ಭನಾಳಕ್ಕೆ ಡೈ ಹಾಕಿ ತೆಗೆಯುವ ಎಕ್ಸ್‌ರೇ ಎಲ್ಲ ಆದ ಮೇಲೆ ನನ್ನ ಸರದಿ ಬಂತು. ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು ಇದ್ದರೆ ಪರವಾಗಿಲ್ಲ ಅನ್ನುವುದು ಲೆಕ್ಕ. ನನ್ನದು ಅದರ ಹತ್ತಿರಕ್ಕೂ ಇರಲಿಲ್ಲ. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕಂತೆ, ಹಿಂದೆ ಬಂದ ಒಂದು ಜೋರು ಜ್ವರವೂ ಲೆಕ್ಕ ಕೆಡಿಸಬಹುದಂತೆ. ಅದಕ್ಕೇ ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದೆವು. ಅದೇ ಕಥೆ.

ಕೊನೆಗೆ ಮಂಗಳೂರಿನಲ್ಲಿ ಇಕ್ಸಿ ಮಾಡಿಸುವುದು ಅಂತಾಯಿತು. ಹೊರಗೆ ತೆಗೆದ ಅಂಡಕ್ಕೆ ಒಂದೊಂದೇ ವೀರ್ಯಾಣುವನ್ನು ಸೂಜಿಯಲ್ಲಿ ಸೇರಿಸುತ್ತಾರೆ. ಕೊರತೆ ನನ್ನದು, ದಿನಾ ಹೊಟ್ಟೆಗೆ ಇಂಜೆಕ್ಷನ್ ಅವಳಿಗೆ.

ಭ್ರೂಣ ಇಟ್ಟ ಮೇಲೆ ಎರಡು ವಾರ ಕಾಯಬೇಕು. ಆ ನಡುವೆಯೇ ಊರಲ್ಲಿ ಗೃಹಪ್ರವೇಶ ಬಂತು. ಡಾಕ್ಟರು ಹೋಗಬಹುದು ಅಂದರು, ರಾತ್ರಿ ರೈಲಿಗೆ ಹೋದೆವು. ಆ ದಿನಗಳಲ್ಲಿ ಪ್ರೊಜೆಸ್ಟರಾನ್ ಮಾತ್ರೆ ನಡೆಯುತ್ತಿರುತ್ತದೆ. ಅದು ಎದೆ ಭಾರ ಮಾಡುತ್ತದೆ, ವಾಕರಿಕೆ ತರುತ್ತದೆ, ಮುಟ್ಟನ್ನೂ ಮುಂದಕ್ಕೆ ಹಾಕುತ್ತದೆ. ಬಸುರಿಗೂ ಇದೇ ಲಕ್ಷಣ. ಹಾಗಾಗಿ ಯಾವುದು ಔಷಧಿಯದು, ಯಾವುದು ಮಗುವಿನದು ಅಂತ ಅನುಭವಿಸುವವಳಿಗೇ ತಿಳಿಯುವುದಿಲ್ಲ. ರಕ್ತದಲ್ಲಿ ಬೀಟಾ ಎಚ್‌ಸಿಜಿ ಅನ್ನುವ ಬಸಿರಿನ ಹಾರ್ಮೋನು ನೋಡಿದ ಮೇಲೇ ಗೊತ್ತಾಗುವುದು.

ಆದರೆ ದೊಡ್ಡಮ್ಮನಿಗೆ ಗೊತ್ತಾಗಿಬಿಟ್ಟಿತು! ಒಗ್ಗರಣೆ ಹೊಗೆಗೆ ಇವಳು ಸೆರಗು ಮೂಗಿಗೆ ಒತ್ತಿಕೊಂಡು ಹಿತ್ತಲಿಗೆ ಹೋದದ್ದನ್ನು ನೋಡಿ, "ಅದೇ ಕಣೆ, ಅದೇ" ಅಂದರು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅರಸೀಕೆರೆಯ ಚಿಕ್ಕಪ್ಪನಿಗೂ ಫೋನು ಹೋಗಿತ್ತು. ಬೇಡ ಅನ್ನಲು ಬಾಯಿ ಬರಲಿಲ್ಲ, ಯಾಕೆಂದರೆ ಇವಳೂ ಒಳಗೊಳಗೇ ಅದನ್ನೇ ನಂಬತೊಡಗಿದ್ದಳು.

ರಕ್ತದ ರಿಪೋರ್ಟು 5ಕ್ಕಿಂತ ಕಡಿಮೆ ಬಂತು. ಅಂದರೆ ಇಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಮುಟ್ಟಾದಳು. ಆಮೇಲೆ ಶುರುವಾದವು ಫೋನುಗಳು. ಯಾಕೆ ಹೋಯ್ತು? ರೈಲಲ್ಲಿ ಯಾಕೆ ಬಂದ್ರಿ? ಭಾರ ಎತ್ತಿದ್ಲಾ? ರೈಲು ಕುಲುಕಿದ್ದಕ್ಕೆ ಭ್ರೂಣ ಉದುರುವುದಿಲ್ಲ ಸ್ವಾಮಿ. ಬಹಳ ಸಲ ಭ್ರೂಣದ ಒಳಗಿನ ವರ್ಣತಂತುಗಳಲ್ಲೇ ಏರುಪೇರು ಇರುತ್ತದೆ, ಅದು ಬೆಳೆಯುವುದೇ ಇಲ್ಲ. ಇದನ್ನು ಡಾಕ್ಟರು ನಮಗೆ ಕೂರಿಸಿ ಹೇಳಿದ್ದರು, ನಾನು ಊರಿಗೆ ಫೋನಿನಲ್ಲಿ ಹೇಳಿದೆ. ಯಾರು ಕೇಳುತ್ತಾರೆ? ಕೊನೆಗೆ ತಡೆಯಲಾಗದೆ "ದೊಡ್ಡಮ್ಮಾ, ಕೊರತೆ ಇರೋದು ನನಗೆ, ಅವಳಿಗಲ್ಲ" ಅಂದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಗಂಡಸರಿಗೆ ಅದೆಲ್ಲ ಇರಲ್ಲ ಕಣೋ. ಒಂದ್ಸಲ ಕುಕ್ಕೆಗೆ ಹೋಗ್ಬನ್ನಿ."

ಹಾಗಂತ ಕಾಸರಗೋಡಿನವರೆಲ್ಲ ದೇವರುಗಳು ಅಂತಲ್ಲ. ಅದೇ ನಾಮಕರಣದ ದಿನ ಅಡುಗೆಮನೆಯಲ್ಲಿ ಓನರ್ ಅಕ್ಕ ತಮ್ಮ ತಂಗಿಯ ಸೊಸೆಗೆ, "ಎಂತ, ಇನ್ನೂ ಎಂತದೂ ಇಲ್ವಾ?" ಅಂತ ಕೇಳಿದ್ದನ್ನು ಇವಳು ಕೇಳಿಸಿಕೊಂಡಿದ್ದಾಳೆ. ನಾವು ಬಾಡಿಗೆಯವರು, ಬಚಾವು. ರಿಪೋರ್ಟು ಬಂದ ವಾರ ಇವಳು ಬಾಗಿಲು ಹಾಕಿಕೊಂಡು ಮಲಗಿದ್ದಾಗಲೂ ಇಲ್ಲಿ ಯಾರೂ ಬಂದು ಕೇಳಲಿಲ್ಲ, ಅದೂ ನಿಜ.

ಇನ್ನೊಂದು ಮಾತೂ ಹೇಳಬೇಕು, ಹೇಳಲು ಮನಸ್ಸಿಲ್ಲ. ಎರಡನೇ ಸಲದ ಖರ್ಚಿಗೆ ದೊಡ್ಡಮ್ಮ ಕೊಬ್ಬರಿ ಮಾರಿದ ದುಡ್ಡು ಕಳಿಸಿದ್ದಾರೆ. ನಾವು ಕೇಳಿರಲಿಲ್ಲ. ತಗೊಂಡಿದ್ದೇವೆ. ಭ್ರೂಣ ಇಡುವ ದಿನ ಯಾವುದು ಅಂತ ಮಾತ್ರ ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ.