ಕಾಕಾವೋಟಾಕ್‌ನ ಆ ಪುಟ್ಟ ‘1’ ಅಡಗಿಸಲು ಆಗುವುದಿಲ್ಲ

ಕೊರಿಯಾದ ಮೆಸೇಜಿಂಗ್ ಆ್ಯಪ್ ಕಾಕಾವೋಟಾಕ್ ಬಗ್ಗೆ ಹೀಗೊಂದು ಮಾತಿದೆ: “ಕಾಕಾವೋಟಾಕ್‌ನಲ್ಲಿ ಡು ನಾಟ್ ಡಿಸ್ಟರ್ಬ್ ಹಾಕಿದ್ರೆ ಮೆಸೇಜ್ ಓದಿದ್ದು ಯಾರಿಗೂ ಗೊತ್ತಾಗಲ್ಲ, ಲಾಸ್ಟ್ ಸೀನ್ ಕೂಡ ಕಾಣಲ್ಲ.”

ಇದು ತಪ್ಪು. ಡು ನಾಟ್ ಡಿಸ್ಟರ್ಬ್ ನಿಲ್ಲಿಸುವುದು ಸದ್ದು ಮತ್ತು ಅಲರ್ಟ್ ಮಾತ್ರ. ಅದನ್ನು ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಇಟ್ಟಿದ್ದೀರಿ ಅನ್ನಿ. 11:30ಕ್ಕೆ ಗೆಳತಿಯ ಮೆಸೇಜ್ ಸದ್ದಿಲ್ಲದೆ ಬಂದು ಕೂರುತ್ತದೆ. ಅವಳ ಫೋನಿನಲ್ಲಿ ಆ ಮೆಸೇಜಿನ ಪಕ್ಕ ಪುಟ್ಟ ‘1’ ಇರುತ್ತದೆ. ಇನ್ನೂ ಒಬ್ಬರು ಓದಿಲ್ಲ ಅಂತ ಅದರರ್ಥ. ನಿದ್ದೆ ಬಾರದೆ 12ಕ್ಕೆ ಚಾಟ್ ತೆರೆದಿರೋ, ಆ ‘1’ ಮಾಯ. ಅವಳಿಗೆ ಗೊತ್ತಾಯಿತು, ಅಲ್ವಾ?

ಇದನ್ನು ಆಫ್ ಮಾಡುವ ಸೆಟ್ಟಿಂಗ್ ಆ್ಯಪ್‌ನಲ್ಲಿ ಇಲ್ಲ. ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಆಫ್ ಮಾಡುವ ಹಾಗೆ ಇಲ್ಲೂ ಮಾಡಬಹುದು ಅಂತ ಹುಡುಕಿ ಸುಮ್ನೆ ಸುಸ್ತಾಗಬೇಡಿ. ನೋಟಿಫಿಕೇಶನ್ ಪ್ರಿವ್ಯೂನಲ್ಲಿ ಓದಿದರೆ ‘1’ ಹಾಗೇ ಉಳಿಯುತ್ತದೆ, ಆದರೆ ಉದ್ದದ ಮೆಸೇಜ್ ಪೂರ್ತಿ ಕಾಣಲ್ಲ.

ಗ್ರೂಪಿನಲ್ಲಿ ಆ ಅಂಕಿ ಇನ್ನೂ ಓದದವರ ಲೆಕ್ಕ. ಯಾರು ಓದಿಲ್ಲ ಅಂತ ಅದು ಹೇಳಲ್ಲ. ‘1’ ಹೋಗಿಲ್ಲ ಅಂದ ಮಾತ್ರಕ್ಕೆ ಬ್ಲಾಕ್ ಮಾಡಿದ್ದಾರೆ ಅಂತ ದಯವಿಟ್ಟು ನೊಂದುಕೊಳ್ಳಬೇಡಿ. ಬ್ಲಾಕ್ ಆದರೂ ಅದು ಉಳಿಯುತ್ತದೆ, ಚಾಟ್ ತೆರೆಯದಿದ್ದರೂ ಉಳಿಯುತ್ತದೆ.

ಇನ್ನು ಲಾಸ್ಟ್ ಸೀನ್. ವಾಟ್ಸಾಪ್‌ನಂತೆ ಹೆಸರಿನ ಕೆಳಗೆ ಸಮಯ ತೋರಿಸುವ ಸಾಲೇ ಇಲ್ಲಿಲ್ಲ.